ಮಜ್ಜಿಗೆ ಕುದಿಯುವಾಗ ಪಾತ್ರೆಯೊಳಗೆ ನಡೆಯುವ ಓಟ

ಹಾಲನ್ನು ಒಲೆಯ ಮೇಲಿಟ್ಟರೆ ಕಾಯುತ್ತದೆ, ಕುದಿಯುತ್ತದೆ, ಕಣ್ಣು ತಪ್ಪಿದರೆ ಉಕ್ಕಿ ಒಲೆಯೆಲ್ಲ ಹರಿಯುತ್ತದೆ. ಆದರೆ ಒಡೆಯುವುದಿಲ್ಲ. ಅದೇ ಹಾಲಿಗೆ ರಾತ್ರಿ ಒಂದು ಚಮಚ ಹೆಪ್ಪು ಹಾಕಿಟ್ಟು, ಬೆಳಿಗ್ಗೆ ಆ ಮೊಸರನ್ನು ಕಡೆದು ಅದೇ ಪಾತ್ರೆಯಲ್ಲಿ, ಅದೇ ಉರಿಯ ಮೇಲಿಡಿ. ಕುದಿಯುವ ಮಾತಿರಲಿ, ಹಬೆಯಾಡುವ ಹೊತ್ತಿಗೇ ಅದು ಹಸಿರು ಛಾಯೆಯ ತಿಳಿನೀರು ಒಂದು ಕಡೆ, ಬಿಳಿ ಚೂರು ಇನ್ನೊಂದು ಕಡೆ ಆಗಿ ಕೂತಿರುತ್ತದೆ. ಈಗ ಮೂರನೆಯ ಸಲ. ಅಷ್ಟೇ ಮಜ್ಜಿಗೆ, ತಣ್ಣಗಿರುವಾಗಲೇ ಎರಡು ಚಮಚ ಕಡಲೆ ಹಿಟ್ಟು. ಕಾಯಿಸಿ, ಕುದಿಸಿ, ಬೇಕಾದರೆ ಅರ್ಧ ಗಂಟೆ ಕೊತಕೊತ ಕುದಿಸಿ. ಒಡೆಯುವುದಿಲ್ಲ! ಎರಡು ಚಮಚ ಹಿಟ್ಟು ಆ ಪಾತ್ರೆಯೊಳಗೆ ಏನು ಮಾಡಿತು?

ಈ ಪ್ರಶ್ನೆ ನನ್ನನ್ನು ಹಿಡಿದದ್ದು ಮದುವೆಯಾಗಿ ಧಾರವಾಡಕ್ಕೆ ಹೋದ ಮೊದಲ ವಾರದಲ್ಲಿ. ನಾನು ಬೆಳೆದದ್ದು ಮೈಸೂರಿನಲ್ಲಿ. ನಮ್ಮ ಮನೆಯಲ್ಲಿ ಮಜ್ಜಿಗೆ ಹುಳಿ ಎಂದರೆ ಉಸಿರು ಬಿಗಿಹಿಡಿದು ಮಾಡುವ ಅಡುಗೆ. ಬೂದುಗುಂಬಳ ಬೇಯಬೇಕು, ನೆನೆಸಿದ ಕಡಲೆಬೇಳೆ, ತೆಂಗಿನಕಾಯಿ, ಹಸಿಮೆಣಸಿನಕಾಯಿ, ಧನಿಯ, ಜೀರಿಗೆ, ಶುಂಠಿ ರುಬ್ಬಿ ಹಾಕಿ ಅದು ಚೆನ್ನಾಗಿ ಕುದಿಯಬೇಕು, ಕಟ್ಟಕಡೆಗೆ ಕಡೆದ ಮೊಸರು. ಮೊಸರು ಹಾಕಿದ ಮೇಲೆ ಅಮ್ಮ ಒಲೆಯ ಮುಂದಿನಿಂದ ಕದಲುತ್ತಿರಲಿಲ್ಲ. ಅಂಚಿನಲ್ಲಿ ನೊರೆ ಕಟ್ಟಿ ಒಮ್ಮೆ ಉಬ್ಬಿತೋ, ಇಳಿಸಿಬಿಡುತ್ತಿದ್ದಳು. ಧಾರವಾಡದಲ್ಲಿ ನೋಡಿದರೆ ಅತ್ತೆ ಮಜ್ಜಿಗೆ ಸಾರನ್ನು ಒಲೆಯ ಮೇಲೆ ಕುದಿಯಲು ಬಿಟ್ಟು, ಆ ಕಡೆ ರೊಟ್ಟಿ ಬಡಿಯುತ್ತ ಕೂತಿದ್ದಾರೆ! ನನಗೆ ಎದೆ ಧಸಕ್ಕೆಂದಿತು. ಓಡಿಹೋಗಿ ಉರಿ ಸಣ್ಣ ಮಾಡಿದೆ. ಅವರು ತಿರುಗಿ ನೋಡಿ ನಕ್ಕರು. “ಯಾಕವ್ವಾ, ಕುದೀಲಿ ಬಿಡು. ಕಡ್ಲಿ ಹಿಟ್ಟಿನ ಹಸಿ ವಾಸನಿ ಹೋಗಬೇಕಂದ್ರ ಇನ್ನೂ ಹತ್ತು ನಿಮಿಷ ಕುದೀಬೇಕು. ತಣ್ಣಗ ಇದ್ದಾಗನ ಹಿಟ್ಟು ಕಲಸೀನಿ, ಇನ್ನ ಅದೇನೂ ಒಡಿಯಂಗಿಲ್ಲ.”

ತಣ್ಣಗ ಇದ್ದಾಗನ. ಈ ಮಾತಿನಲ್ಲೇ ಇಡೀ ಗುಟ್ಟು ಅಡಗಿದೆ ಎಂದು ತಿಳಿಯಲು ನನಗೆ ವರ್ಷಗಳೇ ಬೇಕಾದವು.

ಮೊದಲು ಮೊಸರೆಂದರೇನು ಎಂಬುದರಿಂದಲೇ ಹೊರಡಬೇಕು, ಯಾಕೆಂದರೆ ಮೊದಲ ಬೆರಗು ಇರುವುದು ಅಲ್ಲಿ. ಹಸುವಿನ ಹಾಲಿನಲ್ಲಿರುವ ಪ್ರೋಟೀನಿನಲ್ಲಿ ಶೇಕಡಾ 80ರಷ್ಟು ಕೇಸೀನ್. ಅದು ಹಾಲಿನಲ್ಲಿ ಸಕ್ಕರೆಯ ಹಾಗೆ ಕರಗಿಕೊಂಡಿರುವುದಿಲ್ಲ. ಸಾವಿರಾರು ಕೇಸೀನ್ ಅಣುಗಳು ಕ್ಯಾಲ್ಸಿಯಂ ಫಾಸ್ಫೇಟಿನ ಆಸರೆಯಲ್ಲಿ ಮುದ್ದೆಗಟ್ಟಿ ಸಣ್ಣ ಸಣ್ಣ ಉಂಡೆಗಳಾಗಿ ತೇಲುತ್ತಿರುತ್ತವೆ. ಎಷ್ಟು ಸಣ್ಣವೆಂದರೆ, ತಲೆಗೂದಲಿನ ಅಗಲಕ್ಕೆ ಇಂಥ ನಾನೂರೈನೂರು ಉಂಡೆಗಳನ್ನು ಸಾಲಾಗಿ ಜೋಡಿಸಬಹುದು. ಹಾಲು ಬೆಳ್ಳಗೆ ಕಾಣಲು ಕೊಬ್ಬಿನ ಹನಿಗಳ ಜೊತೆಗೆ ಇವೂ ಕಾರಣ. ಪ್ರತಿ ಉಂಡೆಯ ಮೈಮೇಲೂ ರೋಮದಂಥ ಎಳೆಗಳು ಹೊರಚಾಚಿಕೊಂಡಿರುತ್ತವೆ, ಆ ರೋಮಕ್ಕೆ ಋಣ ವಿದ್ಯುತ್ತಿನ ಲೇಪ. ಎರಡು ಉಂಡೆಗಳು ಹತ್ತಿರ ಬಂದರೆ ರೋಮಗಳು ಒಂದನ್ನೊಂದು ತಳ್ಳುತ್ತವೆ. ಕುದಿಯುವ ಹಾಲಿನಲ್ಲಿ ಅವು ಎಷ್ಟು ಬಿರುಸಾಗಿ ಡಿಕ್ಕಿ ಹೊಡೆದರೂ ಅಂಟಿಕೊಳ್ಳುವುದಿಲ್ಲ. ಹಾಲು ಕುದಿದೂ ಒಡೆಯದಿರುವುದು ಈ ರೋಮದ ದೆಸೆಯಿಂದ.

ಹೆಪ್ಪು ಹಾಕಿದಾಗ ಏನಾಗುತ್ತದೆ? ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಹಾಲಿನ ಪಿಎಚ್ ಸುಮಾರು 6.7ರಿಂದ ಇಳಿಯತೊಡಗುತ್ತದೆ. ಉಂಡೆಗಳನ್ನು ಒಳಗಿನಿಂದ ಹಿಡಿದಿದ್ದ ಕ್ಯಾಲ್ಸಿಯಂ ಫಾಸ್ಫೇಟ್ ಕರಗಿ ಹೊರಬರುತ್ತದೆ. ಮೈಮೇಲಿನ ಋಣ ವಿದ್ಯುತ್ತು ಆಮ್ಲದಿಂದ ತಣಿಯುತ್ತ ತಣಿಯುತ್ತ, 4.6ರ ಹತ್ತಿರ ಬಂದಾಗ ಶೂನ್ಯವಾಗುತ್ತದೆ. ರೋಮ ಮುದುಡುತ್ತದೆ. ತಳ್ಳುವ ಶಕ್ತಿ ಹೋಯಿತು. ಈಗ ಉಂಡೆ ಉಂಡೆಗೆ ಅಂಟುತ್ತದೆ, ಅದು ಇನ್ನೊಂದಕ್ಕೆ. ಯಾರೂ ಕಲಕದ, ಬೆಚ್ಚಗಿನ, ನಿಶ್ಚಲ ಪಾತ್ರೆಯಲ್ಲಿ ಇದೆಲ್ಲ ಗಂಟೆಗಟ್ಟಲೆ ನಿಧಾನವಾಗಿ ನಡೆಯುವುದರಿಂದ ಚೂರುಗಳಾಗುವ ಬದಲು ಸಡಿಲ ಬಲೆಯೊಂದು ಹೆಣೆದುಕೊಳ್ಳುತ್ತದೆ. ಆ ಬಲೆಯ ಕಣ್ಣುಗಳಲ್ಲಿ ನೀರು ನಿಲ್ಲುತ್ತದೆ. ಚಮಚದಲ್ಲಿ ಕೊರೆದು ತೆಗೆಯಬಹುದಾದ ಗಟ್ಟಿ ಮೊಸರಿನಲ್ಲೂ ನೂರಕ್ಕೆ 85 ಪಾಲಿಗಿಂತ ಹೆಚ್ಚು ನೀರೇ ಇದೆ ಎಂಬುದನ್ನು ಒಮ್ಮೆ ಯೋಚಿಸಿ ನೋಡಿ!

ಅಂದರೆ ಮೊಸರು ಈಗಾಗಲೇ ಒಡೆದ ಹಾಲು. ಮೆಲ್ಲಗೆ, ನಯವಾಗಿ, ನೀರು ಚೆಲ್ಲದಂತೆ ಒಡೆದ ಹಾಲು. ಇದು ಹೊಳೆದ ದಿನ ನಾನು ಮೊಸರಿನ ಪಾತ್ರೆಯ ಮುಚ್ಚಳ ತೆಗೆದು ಸುಮ್ಮನೆ ನೋಡುತ್ತ ನಿಂತಿದ್ದೆ.

ಇಂಥ ಬಲೆಯನ್ನು ಕಡಗೋಲಿನಿಂದ ಕಡೆದು ನೀರು ಬೆರೆಸಿದರೆ ಬಲೆಯ ತುಂಡುಗಳು ಮಜ್ಜಿಗೆಯಲ್ಲಿ ತೇಲುತ್ತವೆ. ಒಂದನ್ನೊಂದು ದೂರ ತಳ್ಳಲು ಅವುಗಳಲ್ಲಿ ವಿದ್ಯುತ್ತಿಲ್ಲ. ತಣ್ಣಗಿರುವಾಗ ಹೇಗೋ ನಡೆಯುತ್ತದೆ. ಕಾವು ಏರಿದಂತೆ ಎರಡು ಸಂಗತಿಗಳು ಒಟ್ಟಿಗೇ ಕೆಡುತ್ತವೆ. ತುಂಡುಗಳ ಓಡಾಟ ಬಿರುಸಾಗಿ ಡಿಕ್ಕಿ ಹೆಚ್ಚುತ್ತದೆ. ಜೊತೆಗೆ, ಪ್ರೋಟೀನಿನಲ್ಲಿ ನೀರಿನಿಂದ ದೂರ ಸರಿಯಬಯಸುವ ಭಾಗಗಳಿವೆಯಲ್ಲ, ಬಿಸಿಯಲ್ಲಿ ಅವು ಪರಸ್ಪರ ಇನ್ನಷ್ಟು ಗಟ್ಟಿಯಾಗಿ ಅಂಟುತ್ತವೆ. ಅಂಟಿದ ಬಲೆ ಒದ್ದೆ ಬಟ್ಟೆ ಹಿಂಡಿದ ಹಾಗೆ ತನ್ನೊಳಗಿನ ನೀರನ್ನು ಹಿಂಡಿ ಹೊರಹಾಕುತ್ತ ಕುಗ್ಗುತ್ತದೆ. ಆ ಹಿಂಡಿದ ನೀರೇ ಮೇಲೆ ನಿಲ್ಲುವ ತಿಳಿ, ಅದರ ಹಸಿರು ಮಿಶ್ರಿತ ಹಳದಿ ಬಣ್ಣ ರೈಬೋಫ್ಲೇವಿನ್ ಎಂಬ ವಿಟಮಿನ್ನಿನದು. ಕುಗ್ಗಿ ಉಳಿದದ್ದು ಚೂರು. ಒಡೆಯುವುದು ಎಂದು ನಾವು ಕರೆಯುವುದು ಇದನ್ನೇ.

ನನಗೆ ಇದನ್ನು ಕಣ್ಣಾರೆ ನೋಡಬೇಕಿತ್ತು. ಒಂದು ಭಾನುವಾರ ಅಡುಗೆಮನೆಯ ಥರ್ಮಾಮೀಟರ್ ಹಿಡಿದುಕೊಂಡು ಕೂತೆ. ಒಂದೇ ಪಾತ್ರೆಯ ಮೊಸರು, ಸ್ವಲ್ಪ ಹುಳಿ ಬಂದದ್ದು. 250 ಮಿಲಿ ಮೊಸರಿಗೆ 250 ಮಿಲಿ ನೀರು ಹಾಕಿ ಕಡೆದು ಒಂದು ಸ್ಟೀಲ್ ಪಾತ್ರೆಗೆ. ಇನ್ನೊಂದು ಪಾತ್ರೆಗೂ ಅಷ್ಟೇ, ಆದರೆ ಅದಕ್ಕೆ ಮೊದಲೇ 15 ಗ್ರಾಂ ಕಡಲೆ ಹಿಟ್ಟನ್ನು ಎರಡು ಸೌಟು ಮೊಸರಿನಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಉಳಿದ ಮಜ್ಜಿಗೆ ಸೇರಿಸಿದೆ. 15 ಗ್ರಾಂ ಎಂದರೆ ನಮ್ಮ ಮನೆಯ ದೊಡ್ಡ ಚಮಚದಲ್ಲಿ ಮಟ್ಟವಾಗಿ ಎರಡು. ಪಕ್ಕದಲ್ಲಿ ಒಂದು ಸ್ಟೀಲ್ ತಟ್ಟೆ. ಕಾವು ಏರಿದಂತೆಲ್ಲ ಒಂದೊಂದು ಹನಿಯನ್ನು ಅದರ ಮೇಲೆ ಬಿಟ್ಟು ತಟ್ಟೆ ವಾಲಿಸಿ ನೋಡುವುದು. ಒಡೆಯಲು ಶುರುವಾದದ್ದನ್ನು ಪಾತ್ರೆಗಿಂತ ಮೊದಲು ತಟ್ಟೆ ಹೇಳುತ್ತದೆ.

ಮೊದಲ ಪಾತ್ರೆ, ಹಿಟ್ಟಿಲ್ಲದ್ದು. 50 ಡಿಗ್ರಿಯಲ್ಲಿ ತಟ್ಟೆಯ ಮೇಲಿನ ಹನಿ ಹಾಲಿನ ಹನಿಯಂತೆಯೇ ದುಂಡಗೆ, ಬೆಳ್ಳಗೆ. 60 ದಾಟಿತು, ಸೌಟಿನ ಬೆನ್ನಿನ ಮೇಲೆ ಚಿರೋಟಿ ರವೆಯಂಥ ಸಣ್ಣ ತರಿ. ಕಣ್ಣಿಗಿಂತ ನಾಲಗೆಗೆ ಮೊದಲು ಸಿಗುತ್ತದೆ ಅದು. 70ರ ಹತ್ತಿರ ಬಿಟ್ಟ ಹನಿಯ ಸುತ್ತ ತೆಳುವಾದ ನೀರಿನ ಉಂಗುರ! ನಡುವೆ ಬಿಳುಪು, ಸುತ್ತ ಪಾರದರ್ಶಕ. ನಾನು ಗಾಬರಿಯಿಂದ ಜೋರಾಗಿ ಕಲಕತೊಡಗಿದೆ, ತರಿ ಇನ್ನೂ ದೊಡ್ಡದಾಯಿತು. 80 ದಾಟುವಷ್ಟರಲ್ಲಿ ಬಿಳಿ ಚೂರುಗಳು ತಿಳಿಯಲ್ಲಿ ಸುತ್ತುತ್ತಿದ್ದವು. ಕುದಿ ಬಂದಾಗ ಅದು ಪನೀರಿಗೆ ಒಡೆದ ಹಾಲಿನ ತದ್ರೂಪ.

ಎರಡನೆಯ ಪಾತ್ರೆ. 50, 60 ಡಿಗ್ರಿ, ಏನೂ ಇಲ್ಲ. ಬಣ್ಣ ಮಾತ್ರ ತಿಳಿ ಹಳದಿ. 65 ದಾಟಿದ ಮೇಲೆ ಕೈಗೆ ಏನೋ ತಿಳಿಯಿತು. ನೀರಿನಲ್ಲಿ ಓಡಾಡುತ್ತಿದ್ದ ಸೌಟು ಈಗ ಗಂಜಿಯಲ್ಲಿ ಓಡಾಡುತ್ತಿದೆ. 75ಕ್ಕೆ ಸೌಟೆತ್ತಿದರೆ ಅದರ ಬೆನ್ನಿಗೆ ತೆಳುವಾದ ಹೊದಿಕೆ ಅಂಟಿ ನಿಂತಿತು, ಬೆರಳಲ್ಲಿ ಗೆರೆ ಎಳೆದರೆ ಗೆರೆ ಉಳಿಯಿತು. ತಟ್ಟೆಯ ಮೇಲಿನ ಹನಿಗೆ ಉಂಗುರವಿಲ್ಲ. 80, 90. ಆಮೇಲೆ ನೊರೆ ಎದ್ದು ಕುದಿ ಬಂತು, ದಪ್ಪ ಗುಳ್ಳೆಗಳು ಪುಳಕ್ ಪುಳಕ್ ಎಂದು ಒಡೆಯುತ್ತಿದ್ದವು. ಮಜ್ಜಿಗೆ ಮಾತ್ರ ಒಡೆಯಲಿಲ್ಲ. ಗಡಿಯಾರ ನೋಡಿಕೊಂಡು 25 ನಿಮಿಷ ಕುದಿಸಿದೆ.

ಈ ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ ಮೈ ಜುಮ್ಮೆಂದಿತು. ಮೊದಲ ಪಾತ್ರೆಯಲ್ಲಿ ಅನಾಹುತ ನಡೆದದ್ದು 60ರಿಂದ 80 ಡಿಗ್ರಿಯ ನಡುವೆ. ಎರಡನೆಯ ಪಾತ್ರೆಯಲ್ಲಿ ಹಿಟ್ಟು ಎಚ್ಚರಗೊಂಡದ್ದೂ ಸರಿಯಾಗಿ ಅದೇ ನಡುವೆ! ಕಡಲೆ ಹಿಟ್ಟಿನಲ್ಲಿ ಐದರಲ್ಲೊಂದು ಪಾಲು ಪ್ರೋಟೀನ್, ಹತ್ತಿರಹತ್ತಿರ ಅರ್ಧದಷ್ಟು ಪಿಷ್ಟ. ಈ ಪಿಷ್ಟ ತಣ್ಣೀರಿನಲ್ಲಿ ಗಟ್ಟಿ ಕಣಗಳಾಗಿ ಸುಮ್ಮನೆ ಬಿದ್ದಿರುತ್ತದೆ. 60 ದಾಟಿ 70ರ ಆಸುಪಾಸಿಗೆ ಬಂದಾಗ ಕಣಗಳು ನೀರು ಕುಡಿದು ಮೊದಲಿಗಿಂತ ಎಷ್ಟೋ ಪಾಲು ಉಬ್ಬುತ್ತವೆ. ಅವುಗಳೊಳಗಿನಿಂದ ಅಮೈಲೋಸ್ ಎಂಬ ಉದ್ದನೆಯ ಎಳೆಗಳು ಹೊರಗೆ ಸೋರಿ ನೀರಿನಲ್ಲೆಲ್ಲ ಹರಡುತ್ತವೆ. ಕಡಲೆಯ ಪಿಷ್ಟದಲ್ಲಿ ಮೂರನೆಯ ಒಂದು ಪಾಲಿನಷ್ಟು ಇದೇ ಇರುತ್ತದೆ.

ಈಗ ಕೇಸೀನಿನ ತುಂಡಿನ ಕಣ್ಣಿನಿಂದ ನೋಡಿ. ಪಕ್ಕದ ತುಂಡಿಗೆ ಅಂಟಿಕೊಳ್ಳಬೇಕೆಂಬ ಸೆಳೆತ ಇದ್ದೇ ಇದೆ, ಪಿಷ್ಟ ಅದನ್ನೇನೂ ಕಡಿಮೆ ಮಾಡಿಲ್ಲ. ಹುಳಿಯೂ ಅಷ್ಟೇ ಇದೆ, ವಿದ್ಯುತ್ತು ಮರಳಿ ಬಂದಿಲ್ಲ. ಆದರೆ ದಾರಿಯಲ್ಲಿ ಉಬ್ಬಿದ ಕಣಗಳು ಜಾತ್ರೆಯ ಜನಜಂಗುಳಿಯ ಹಾಗೆ ಅಡ್ಡ ನಿಂತಿವೆ. ನೀರು ಗಂಜಿಯಾಗಿ ದಪ್ಪವಾಗಿದೆ, ಓಡಲಾಗದು. ನುಗ್ಗಿ ಹತ್ತಿರ ಹೋದರೂ ನಡುವೆ ಪಿಷ್ಟದ ಎಳೆ. ತುಂಡುಗಳು ಸಣ್ಣವಾಗಿಯೇ, ಬಿಡಿಬಿಡಿಯಾಗಿಯೇ ಉಳಿಯುತ್ತವೆ. ನಾಲಗೆಗೆ ಅವು ತರಿಯೆನಿಸುವಷ್ಟು ದೊಡ್ಡದಾಗುವುದೇ ಇಲ್ಲ. ಹಿಂಡಿದ ನೀರು ಒಂದಿಷ್ಟು ಬಂದರೂ ಅದನ್ನು ಪಿಷ್ಟವೇ ಕುಡಿದು ಇಟ್ಟುಕೊಳ್ಳುತ್ತದೆ.

ಹಿಟ್ಟಿನ ಪ್ರೋಟೀನಿಗೆ ಇದರಲ್ಲಿ ಪಾಲಿಲ್ಲವೇ ಎಂದು ನಾನೂ ಕೇಳಿಕೊಂಡೆ. ಆದರೆ ಕಡಲೆಯ ಪ್ರೋಟೀನ್ ಅತಿ ಕಡಿಮೆ ಕರಗುವುದು ಪಿಎಚ್ 4.5ರ ಸುತ್ತಮುತ್ತ, ಅಂದರೆ ಮೊಸರು ಇರುವ ಜಾಗದಲ್ಲೇ. ಮೊಸರಿನ ಕೇಸೀನ್ ಸೋತ ಕಡೆಯೇ ಅದೂ ಸೋಲುತ್ತದೆ. ಅಕ್ಕಿ ಹಿಟ್ಟು, ಮೈದಾ, ಕಾರ್ನ್‌ಫ್ಲೋರ್ ಹಾಕಿದರೂ ಮಜ್ಜಿಗೆ ಒಡೆಯದು, ಕಾರ್ನ್‌ಫ್ಲೋರಿನಲ್ಲಂತೂ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಕಾಪಾಡುವ ಕೆಲಸ ಮುಖ್ಯವಾಗಿ ಪಿಷ್ಟದ್ದೇ. ಕಡಲೆ ಹಿಟ್ಟನ್ನೇ ಆರಿಸಿಕೊಂಡದ್ದು ರುಚಿಗೆ ಎಂಬುದು ನನ್ನ ಅನಿಸಿಕೆ. ಕಾರ್ನ್‌ಫ್ಲೋರಿನ ಸಾರು ಲೋಳೆಯಾಗುತ್ತದೆ, ಕಡಲೆಯದು ಬಾಯಿಗೆ ತುಂಬಿಕೊಂಡಂತೆ ಇರುತ್ತದೆ. ಆದರೆ ಅದರ ಹಸಿ ವಾಸನೆ ಹೋಗಬೇಕಾದರೆ ಚೆನ್ನಾಗಿ ಕುದಿಯಲೇಬೇಕು. ಎಂಥ ಹೊಂದಾಣಿಕೆ ನೋಡಿ, ಹೆಚ್ಚು ಹೊತ್ತು ಕುದಿಸಿ ಎಂದು ಕೇಳುವುದೂ ಈ ಹಿಟ್ಟೇ, ಹೆಚ್ಚು ಹೊತ್ತು ಕುದಿಯಲು ಮಜ್ಜಿಗೆಗೆ ತ್ರಾಣ ಕೊಡುವುದೂ ಈ ಹಿಟ್ಟೇ. ಪಂಜಾಬಿನ ಕಢಿಯನ್ನು ಸಣ್ಣ ಉರಿಯಲ್ಲಿ ಗಂಟೆಯವರೆಗೂ ಕುದಿಸುವುದುಂಟು.

ಇನ್ನು ಅತ್ತೆಯ ಮಾತಿಗೆ ಬರುತ್ತೇನೆ. ಪಾತ್ರೆಯೊಳಗೆ ನಡೆಯುವುದು ಒಂದು ಓಟ. ಕೇಸೀನ್ ಗುಂಪುಗೂಡುವುದು ಮೊದಲೋ, ಪಿಷ್ಟ ಉಬ್ಬುವುದು ಮೊದಲೋ? ಹಿಟ್ಟು ತಣ್ಣಗಿನ ಮಜ್ಜಿಗೆಯಲ್ಲೇ ಎಲ್ಲ ಕಡೆ ಹರಡಿಕೊಂಡಿದ್ದರೆ ಮಾತ್ರ ಅದು ಸಮಯಕ್ಕೆ ಅಲ್ಲಿರುತ್ತದೆ. ಇದನ್ನು ಪರೀಕ್ಷಿಸಲೆಂದೇ ನಾನು ಒಡೆದುಹೋದ ಮೊದಲ ಪಾತ್ರೆಗೆ ಆಮೇಲೆ ನೀರಿನಲ್ಲಿ ಕಲಸಿದ ಅಷ್ಟೇ ಹಿಟ್ಟು ಸುರಿದು ಕುದಿಸಿದೆ. ತಿಳಿನೀರು ಗಟ್ಟಿಯಾಯಿತು, ಚೂರು ಚೂರಾಗಿಯೇ ಉಳಿಯಿತು. ಗಂಜಿಯಲ್ಲಿ ತೇಲುವ ಪನೀರಿನ ಪುಡಿ! ಬಿಸಿಯಲ್ಲಿ ಬಿಗಿದ ಆ ಗಂಟನ್ನು ಬಿಚ್ಚುವ ಶಕ್ತಿ ಪಿಷ್ಟಕ್ಕಿಲ್ಲ. ತಣಿಸಿ ಮಿಕ್ಸಿಗೆ ಹಾಕಿದರೆ ಚೂರು ಪುಡಿಯಾಗಿ ನೋಡಲು ಸರಿಹೋಗುತ್ತದೆ, ಅತಿಥಿಗಳು ಬಾಗಿಲಿಗೆ ಬಂದಾಗ ಅಷ್ಟು ಮಾಡಬಹುದು. ಆದರೂ ನಾಲಗೆಗೆ ಒಂದು ಸಣ್ಣ ಮರಳುತನ ಸಿಕ್ಕೇ ಸಿಗುತ್ತದೆ.

ಕೈ ಬಿಡದೆ ತಿರುವು ಎಂದು ಅಡುಗೆಮನೆಯಲ್ಲಿ ಹೇಳುವುದರ ಅರ್ಥವೂ ಆಗಲೇ ತೆರೆದುಕೊಂಡಿತು. ಉಬ್ಬುವ ಮುಂಚಿನ ಪಿಷ್ಟದ ಕಣ ನೀರಿಗಿಂತ ಭಾರ. ಕಲಕದೆ ಬಿಟ್ಟರೆ ತಳಕ್ಕೆ ಹೋಗಿ ಕೂರುತ್ತದೆ. ತಳದಲ್ಲಿ ಹಿಟ್ಟು ಸೀಯುತ್ತದೆ, ಮೇಲೆ ಕಾವಲಿಲ್ಲದ ಮಜ್ಜಿಗೆ ಒಡೆಯುತ್ತದೆ. ಒಂದೇ ಪಾತ್ರೆಯಲ್ಲಿ ಎರಡು ನಷ್ಟ. ಒಮ್ಮೆ ಫೋನ್ ಬಂದು ಈಚೆ ಬಂದಾಗ ನನಗೆ ಹೀಗೇ ಆಯಿತು. ಹಿಟ್ಟು ಅಳತೆಯಷ್ಟೇ ಇತ್ತು, ತಣ್ಣಗೇ ಕಲಸಿದ್ದೆ, ಆದರೂ ಒಡೆಯಿತು. ಸೌಟಿಗೆ ಹೊದಿಕೆ ಅಂಟಿ, ಮೊದಲ ಕುದಿ ಬರುವವರೆಗೆ ಮಾತ್ರ ಈ ಕಾವಲು ಬೇಕು. ಆಮೇಲೆ ಉಬ್ಬಿದ ಕಣಗಳು ತಾವೇ ತೇಲಿಕೊಂಡಿರುತ್ತವೆ, ಅತ್ತೆಯ ಹಾಗೆ ರೊಟ್ಟಿ ಬಡಿಯಲು ಹೋಗಬಹುದು. ಹಿಟ್ಟಿಲ್ಲದ ಪಾತ್ರೆಯಲ್ಲಿ ತರಿಯನ್ನು ದೊಡ್ಡದು ಮಾಡಿದ ಅದೇ ಕಲಕುವಿಕೆ ಹಿಟ್ಟಿದ್ದ ಪಾತ್ರೆಯಲ್ಲಿ ಕಾಪಾಡಿತು. ಒಂದೇ ದಿಕ್ಕಿಗೆ ತಿರುವಬೇಕು ಎಂದು ಕೆಲವರು ಹೇಳುತ್ತಾರೆ. ಎರಡೂ ದಿಕ್ಕಿಗೆ ತಿರುವಿ ನೋಡಿದೆ, ವ್ಯತ್ಯಾಸ ಕಾಣಲಿಲ್ಲ.

ಅಳತೆಗೂ ಒಂದು ಮಿತಿಯಿದೆ. ಅದೇ ಅರ್ಧ ಲೀಟರಿಗೆ 5 ಗ್ರಾಂ ಹಿಟ್ಟು ಹಾಕಿ ನೋಡಿದಾಗ ಸಣ್ಣ ತರಿ ಬಂದೇ ಬಂತು. ಅಡ್ಡ ನಿಲ್ಲುವವರ ಸಂಖ್ಯೆ ಸಾಲಲಿಲ್ಲ. 15 ಗ್ರಾಂ ನೆಮ್ಮದಿಯ ಅಳತೆ. 30 ಹಾಕಿದರೆ ಅದು ಸಾರಲ್ಲ, ಝುಣಕದ ಕಡೆಗೆ ಹೊರಳುತ್ತದೆ. ಮೊಸರಿನ ಗುಣವೂ ಲೆಕ್ಕಕ್ಕೆ ಬರುತ್ತದೆ. ಹಾಲನ್ನು ಚೆನ್ನಾಗಿ ಕಾಯಿಸಿ ಹೆಪ್ಪು ಹಾಕಿದ ಮೊಸರು ನೀರೊಡೆಯುವುದು ಕಡಿಮೆ, ಕಾಯಿಸುವಾಗ ಹಾಲಿನ ಉಳಿದ ಪ್ರೋಟೀನುಗಳೂ ಕೇಸೀನಿಗೆ ಅಂಟಿ ಬಲೆಯನ್ನು ಬಿಗಿ ಮಾಡಿರುತ್ತವೆ. ಕೆನೆ ಇರುವ ಮೊಸರು ಇನ್ನೂ ಸ್ವಲ್ಪ ತಾಳುತ್ತದೆ. ಬೆಣ್ಣೆ ತೆಗೆದ ತೆಳು ಮಜ್ಜಿಗೆಗೆ ಹಿಟ್ಟಿನ ಆಸರೆ ಎಲ್ಲಕ್ಕಿಂತ ಹೆಚ್ಚು ಬೇಕು.

ಇಷ್ಟೆಲ್ಲ ಆದ ಮೇಲೆ ನಾನು ತಿರುಗಿ ನೋಡಿದ್ದು ಮೈಸೂರಿನ ಅಮ್ಮನ ಕಡೆಗೆ. ಅವಳ ಮಜ್ಜಿಗೆ ಹುಳಿಯಲ್ಲಿ ಕಡಲೆ ಹಿಟ್ಟೇ ಇರಲಿಲ್ಲವಲ್ಲ! ಆದರೆ ನೆನೆಸಿ ರುಬ್ಬಿದ ಕಡಲೆಬೇಳೆ ಇತ್ತು, ಅದರ ಜೊತೆ ಒಂದು ಚಮಚ ಅಕ್ಕಿಯೂ ಇರುತ್ತಿತ್ತು. ಅದೇ ಕಡಲೆ, ಅದೇ ಪಿಷ್ಟ. ಆ ರುಬ್ಬು ತರಕಾರಿಯ ಜೊತೆ ಕುದಿಯುವಾಗಲೇ ಪಿಷ್ಟವೆಲ್ಲ ಉಬ್ಬಿ, ಗಂಜಿ ಸಿದ್ಧವಾಗಿ ಕಾದಿರುತ್ತಿತ್ತು. ಆಮೇಲೆ ಬರುವ ಮೊಸರು ಬಿಸಿಯಾಗುವ ಮೊದಲೇ ಆ ಗಂಜಿಯೊಳಗೆ ಸೇರಿಕೊಳ್ಳುತ್ತಿತ್ತು. ಧಾರವಾಡದಲ್ಲಿ ಹಿಟ್ಟು ಮತ್ತು ಮೊಸರು ಒಟ್ಟಿಗೆ ಹೊರಟು ಹಿಟ್ಟು ಗೆಲ್ಲುತ್ತದೆ. ಮೈಸೂರಿನಲ್ಲಿ ರುಬ್ಬಿದ ಬೇಳೆ ಮುಂಚೆಯೇ ಗುರಿ ತಲುಪಿ ಮೊಸರಿಗಾಗಿ ಕಾಯುತ್ತದೆ. ಎರಡು ಊರುಗಳ ಅಡುಗೆಮನೆಗಳು ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಉತ್ತರಕ್ಕೆ ಬಂದು ನಿಂತಿವೆ! ತಂಬುಳಿ ಮಾಡುವವರು ಮೂರನೆಯ ದಾರಿ ಹಿಡಿದರು, ಅವರು ಮಜ್ಜಿಗೆಯನ್ನು ಒಲೆಗೇ ಇಡುವುದಿಲ್ಲ.

ಅಮ್ಮನ ಆತುರಕ್ಕೂ ಕಾರಣ ಸಿಕ್ಕಿತು. ಅವಳ ಹುಳಿಯಲ್ಲಿ ಬೇಳೆ ಹೆಚ್ಚೆಂದರೆ ಒಂದೂವರೆ ಚಮಚ, ಮೊಸರು ಧಾರಾಳ, ನೀರು ಕಡಿಮೆ. ಕಾವಲುಗಾರರು ಕೆಲವರೇ. ಹೆಚ್ಚು ಹೊತ್ತು ಕುದಿಸಿದರೆ ಅವರು ತಡೆಯಲಾರರು ಎಂದು ಅವಳ ಕೈಗೆ ಗೊತ್ತಿತ್ತು, ನೊರೆ ಬಂದ ಕೂಡಲೇ ಇಳಿಸುತ್ತಿದ್ದಳು. ಮೊನ್ನೆ ಫೋನಿನಲ್ಲಿ ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. “ಹಾಗಾದ್ರೆ ಬೇಳೆ ಇನ್ನೊಂದು ಚಮಚ ಜಾಸ್ತಿ ನೆನೆಸಿದ್ರೆ ನಾನು ಒಲೆ ಮುಂದೆ ನಿಲ್ಲೋದು ಬೇಡವೇನೇ?” ಎಂದು ಕೇಳಿದಳು. ಮಾಡಿ ನೋಡು ಎಂದೆ.

ಆ ಭಾನುವಾರದ ಎರಡನೆಯ ಪಾತ್ರೆಗೆ ಸಾಸಿವೆ, ಜೀರಿಗೆ, ಇಂಗು, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಟ್ಟು ಊಟ ಮಾಡಿದೆವು. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟಿದ್ದೆ. ಬೆಳಿಗ್ಗೆ ತೆಗೆದರೆ ಪಾತ್ರೆ ವಾಲಿಸಿದರೂ ಹರಿಯದಷ್ಟು ಗಟ್ಟಿಯಾಗಿ ಕೂತಿತ್ತು. ತಣ್ಣಗಾದಾಗ ಅಮೈಲೋಸ್ ಎಳೆಗಳು ತಮ್ಮತಮ್ಮೊಳಗೆ ಹೆಣೆದುಕೊಂಡು ಇನ್ನೊಂದು ಬಲೆ ಕಟ್ಟಿದ್ದವು, ಈ ಸಲ ಕಡಲೆಯ ಬಲೆ, ಮೊಸರಿನ ತುಂಡುಗಳು ಅದರ ಕಣ್ಣುಗಳಲ್ಲಿ. ಅರ್ಧ ಲೋಟ ನೀರು ಹಾಕಿ, ಸೌಟಿನಿಂದ ಬಿಡಿಸಿ, ಮತ್ತೆ ಒಲೆಯ ಮೇಲಿಟ್ಟೆ. ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ವಾಲಿಸಿದೆ. ಉಂಗುರವಿಲ್ಲ. ಉರಿ ಜೋರು ಮಾಡಿದೆ, ಅದು ಎರಡನೆಯ ಸಲ ಕುದಿಯತೊಡಗಿತು.